ಏಳರ ಮನೆಗೆ ಆರು ದಾರಿ

(ಮಂಡ್ಯದಲ್ಲಿ ಒಂದು ಸಂಜೆ ಪಿಯುಸಿ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಬಂದ ಎರಡು ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಕಥೆ ಹೇಳುತ್ತೇನೆ. ಇದರಲ್ಲಿ ಬರುವ ಜನ ನಾನು ಕಟ್ಟಿದವರು. ಲೆಕ್ಕ ಮಾತ್ರ ನಿಜ. ಮನೆಯಲ್ಲಿ ಎರಡು ದಾಳ ಇದ್ದರೆ ಇವತ್ತು ರಾತ್ರಿಯೇ ಕೂತು ಪರೀಕ್ಷೆ ಮಾಡಬಹುದು.

ಮುಡುಕುತೊರೆ ಜಾತ್ರೆ ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ. ತಲಕಾಡಿನ ಹತ್ತಿರ, ಬೆಟ್ಟದ ಮೇಲೆ ಮಲ್ಲಿಕಾರ್ಜುನ, ಕೆಳಗೆ ಕಾವೇರಿ. ಬಯಲಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಎತ್ತುಗಳ ಕೊರಳ ಗೆಜ್ಜೆ ಒಂದು ಕಡೆ, ಪುರಿ ಖಾರದ ಅಂಗಡಿ ಇನ್ನೊಂದು ಕಡೆ. ಆ ಸಾಲಿನಲ್ಲಿ ಪ್ರತಿ ವರ್ಷ ಮಳವಳ್ಳಿ ಕಡೆಯ ಮಾದಣ್ಣ ಅಂಗಡಿ ಹಾಕುತ್ತಿದ್ದ. ರಿಂಗ್ ಎಸೆಯುವ ಆಟ. ಬಟ್ಟೆ ಹಾಸಿದ ಹಲಗೆ ಮೇಲೆ ಸಾಮಾನು ಜೋಡಿಸಿರುತ್ತಾನೆ. ನೀವು ರಿಂಗ್ ಎಸೆಯಬೇಕು. ಯಾವುದರ ಸುತ್ತ ಪೂರ್ತಿ ಬಿತ್ತೋ ಅದು ನಿಮ್ಮದು.

ಒಂದು ವರ್ಷ ಅವನಿಗೆ ಹೊಸದೇನಾದರೂ ಮಾಡೋಣ ಅನ್ನಿಸಿತು. ಮೈಸೂರಿನ ಸಂತೆಪೇಟೆಗೆ ಹೋಗಿ ಸಗಟಿನಲ್ಲಿ ಸಾಮಾನು ತಂದ. ಸ್ಟೀಲ್ ಡಬ್ಬಿ, ಒಂದಕ್ಕೆ 36 ರೂಪಾಯಿ. ಪ್ಲಾಸ್ಟಿಕ್ ಕಾರು, ಒಂದಕ್ಕೆ 18. ಜೊತೆಗೆ ಎರಡು ದೊಡ್ಡ ಮರದ ದಾಳ.

ಆಟ ಹೀಗೆ. 10 ರೂಪಾಯಿ ಕೊಟ್ಟು ಎರಡೂ ದಾಳವನ್ನು ಒಟ್ಟಿಗೆ ಹಾಕಬೇಕು. ಎರಡರ ಮೇಲೂ ಬಿದ್ದದ್ದನ್ನು ಕೂಡಿಸಬೇಕು. ಅತಿ ಕಡಿಮೆ ಅಂದರೆ ಎರಡು, ಅತಿ ಜಾಸ್ತಿ ಅಂದರೆ ಹನ್ನೆರಡು. ಹಾಗಾಗಿ ಹಲಗೆಯ ಮೇಲೆ 2ರಿಂದ 12ರವರೆಗೆ ಹನ್ನೊಂದು ಮನೆ ಬರೆಸಿದ. ನಡುವಿನ 7ರ ಮನೆಗೆ ಕೆಂಪು ಬಣ್ಣ, ಅದಕ್ಕೆ ಸ್ಟೀಲ್ ಡಬ್ಬಿ. ಅದರ ಎಡಬಲದ 6 ಮತ್ತು 8ಕ್ಕೆ ಹಳದಿ, ಅವಕ್ಕೆ ಕಾರು. ಉಳಿದ ಮನೆಗಳಿಗೆ ಏನೂ ಇಲ್ಲ. ನಡುವೆಯೇ ಯಾಕೆ ಅಂದರೆ ನೋಡೋಕೆ ಚೆನ್ನಾಗಿರುತ್ತದೆ ಅಂತ, ಅಷ್ಟೇ.

ಅವನು ಸುಮ್ನೆ ಆಟ ಶುರು ಮಾಡಿದವನಲ್ಲ. ಲೆಕ್ಕ ಹಾಕಿಯೇ ಮಾಡಿದ. "ಹನ್ನೊಂದು ಮನೆ ಇದೆ. ಹನ್ನೊಂದು ಸಲ ಆಡಿದರೆ ಎಲ್ಲ ಮನೆಯೂ ಒಂದೊಂದು ಸಲ ಬರುತ್ತೆ ಅಂತ ಇಟ್ಕೊಳ್ಳೋಣ. 110 ರೂಪಾಯಿ ಬಂತು. ಒಂದು ಡಬ್ಬಿ, ಎರಡು ಕಾರು ಹೋಯ್ತು. 36, 18, 18. ಒಟ್ಟು 72. ಹನ್ನೊಂದು ಆಟಕ್ಕೆ 38 ರೂಪಾಯಿ ಲಾಭ." ಅಂದರೆ ಆಟಕ್ಕೆ ಹೆಚ್ಚುಕಡಿಮೆ ಮೂರೂವರೆ ರೂಪಾಯಿ.

ಈ ಲೆಕ್ಕವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮಾದಣ್ಣ ಹಿಡಿದ ದಾರಿ ಸರಿಯಾಗಿಯೇ ಇತ್ತು. ಕೂಡಿಸಿದ್ದರಲ್ಲೂ ಕಳೆದದ್ದರಲ್ಲೂ ತಪ್ಪಿಲ್ಲ. ಆದರೂ ನಷ್ಟ ಆಯಿತು. ಎಲ್ಲಿ ಎಡವಿದ ಅನ್ನೋದೇ ಕಥೆ.

ಮೊದಲನೇ ದಿನ 120 ಆಟ ಆಯಿತು. 1200 ರೂಪಾಯಿ ಬಂತು. 15 ಡಬ್ಬಿ, 32 ಕಾರು ಹೋದವು. ಸಾಮಾನಿನ ಅಸಲು 1116. ಉಳಿದದ್ದು 84 ರೂಪಾಯಿ. ಅವನು ಅಂದುಕೊಂಡಿದ್ದು 400ಕ್ಕೂ ಜಾಸ್ತಿ. "ಮೊದಲ ದಿನ, ಬೋಣಿ ಸರಿ ಇಲ್ಲ" ಅಂದುಕೊಂಡ.

ಎರಡನೇ ದಿನ ಜನ ಜಾಸ್ತಿ ಬಂದರು. ಗೆಲ್ಲೋ ಅಂಗಡಿ ಅಂತ ಸುದ್ದಿ ಹಬ್ಬಿತ್ತು. ಕಾರು ಹಿಡಿದುಕೊಂಡು ಓಡಾಡುವ ಮಕ್ಕಳನ್ನು ನೋಡಿದರೆ ಯಾರಿಗೆ ಆಸೆ ಆಗಲ್ಲ ಹೇಳಿ? 260 ಆಟ. ಬಂದದ್ದು 2600. ಹೋದದ್ದು 46 ಡಬ್ಬಿ, 75 ಕಾರು. ಅಸಲು 3006. ಕೈಯಿಂದ 406 ರೂಪಾಯಿ ಹೋಯಿತು.

ಮೂರನೇ ದಿನ ಇನ್ನೂ ಜನ. 300 ಆಟ. ಬಂದದ್ದು 3000. ಹೋದದ್ದು 55 ಡಬ್ಬಿ, 78 ಕಾರು, ಅಸಲು 3384. ಮತ್ತೆ 384 ರೂಪಾಯಿ ನಷ್ಟ.

ಅಂಗಡಿ ಮುಂದೆ ನೂಕುನುಗ್ಗಲು, ಗಲ್ಲಾ ಪೆಟ್ಟಿಗೆ ಮಾತ್ರ ಬರಿದಾಗುತ್ತಾ ಇದೆ. ಇಂಥ ಹೊತ್ತಲ್ಲಿ ಎರಡು ಯೋಚನೆ ಬರೋದು ಸಹಜ. ಮಾದಣ್ಣನಿಗೂ ಅವೇ ಬಂದವು. ಒಂದು, ಯಾರೋ ಮೋಸ ಮಾಡುತ್ತಿದ್ದಾರೆ, ಇಲ್ಲವೇ ದಾಳ ಸರಿ ಇಲ್ಲ. ಇನ್ನೊಂದು, ಇದು ಬರೀ ದುರಾದೃಷ್ಟ. ಮೈಕ್ ಹಾಕಿಸಿ ಇನ್ನೂ ಜನ ಸೇರಿಸಿದರೆ ಸರಿಹೋಗುತ್ತದೆ.

ಮೊದಲನೆಯದನ್ನು ಅವನ ಮಗಳು ಅಲ್ಲೇ ಬಗೆಹರಿಸಿದಳು. ಪಿಯುಸಿ ಓದುವ ಹುಡುಗಿ. ಅಂಗಡಿ ಮುಚ್ಚಿದ ಮೇಲೆ ಒಂದು ದಾಳ ತೆಗೆದುಕೊಂಡು 120 ಸಲ ಹಾಕಿದಳು. ಬಿದ್ದದ್ದನ್ನು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಹೋದಳು. ಒಂದು 17 ಸಲ, ಎರಡು 22, ಮೂರು 19, ನಾಲ್ಕು 21, ಐದು 18, ಆರು 23. ಒಂದೊಂದು ಮುಖಕ್ಕೂ ಸರಾಸರಿ 20 ಬರಬೇಕು. ಮೂರು ನಾಲ್ಕು ಆಚೀಚೆ ಆಗುವುದು ಮಾಮೂಲು. ಯಾವುದಾದರೂ ಮುಖ 35 ಸಲ ಬಿದ್ದಿದ್ದರೆ ಅನುಮಾನ ಪಡಬಹುದಿತ್ತು. ಎರಡನೇ ದಾಳವನ್ನೂ ಹಾಗೇ ನೋಡಿದಳು. ಅದೂ ಸರಿಯಾಗಿಯೇ ಇತ್ತು.

"ಅಪ್ಪ, ದಾಳದಲ್ಲಿ ಏನೂ ಇಲ್ಲ. ಆದ್ರೆ ಇಲ್ನೋಡಿ. ಮೂರು ದಿನದಲ್ಲಿ 680 ಆಟ ಆಗಿದೆ. ನೀವು ಹೇಳಿದ ಹಾಗೆ ಹನ್ನೊಂದರಲ್ಲಿ ಒಂದು ಸಲ ಏಳು ಬೀಳಬೇಕು ಅಂದ್ರೆ 62 ಡಬ್ಬಿ ಹೋಗಬೇಕಿತ್ತು. ಹೋಗಿರೋದು 116. ಹತ್ತಿರ ಹತ್ತಿರ ಎರಡರಷ್ಟು."

ಇಲ್ಲಿ ಒಂದು ಮಾತು ಹೇಳಬೇಕು. ಅಂಗಡಿ ಇಟ್ಟವರು ಸಾಮಾನ್ಯವಾಗಿ ಎಷ್ಟು ದುಡ್ಡು ಬಂತು, ಎಷ್ಟು ಹೋಯಿತು ಅಂತ ಮಾತ್ರ ಬರೆಯುತ್ತಾರೆ. ಅದರಿಂದ ನಷ್ಟ ಆಗಿದೆ ಅಂತ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ಎಷ್ಟು ಆಟ ಆಯಿತು, ಅದರಲ್ಲಿ ಯಾವ ಮನೆ ಎಷ್ಟು ಸಲ ಬಂತು ಅಂತ ಬರೆದಿಟ್ಟರೆ ತಪ್ಪು ಎಲ್ಲಿದೆ ಅನ್ನೋದು ಹೊರಬರುತ್ತದೆ. 62 ಆಗಬೇಕಾದ್ದು 70 ಆಗಿದ್ದರೆ ಅದೃಷ್ಟದ ಏರಿಳಿತ ಅನ್ನಬಹುದು. 116 ಆದರೆ ಅದು ಅದೃಷ್ಟದ ಮಾತಲ್ಲ.

ಮಾದಣ್ಣನಿಗೆ ಇನ್ನೂ ಅರ್ಥ ಆಗಲಿಲ್ಲ. ಹನ್ನೊಂದು ಮನೆ ಕಣ್ಣ ಮುಂದೆಯೇ ಇದೆ. ಏಳಕ್ಕೆ ಮಾತ್ರ ಯಾಕೆ ಇಷ್ಟು ಪ್ರೀತಿ?

ಅರ್ಥ ಮಾಡಿಸಿದ್ದು ಅವನ ಅವ್ವ. ಜಾತ್ರೆಗೆ ಜೊತೆಗೆ ಬಂದಿದ್ದ ಅಜ್ಜಿ, ಅಂಗಡಿ ಹಿಂದೆ ಕಂಬಳಿ ಮೇಲೆ ಕೂತು ಪಕ್ಕದ ಅಂಗಡಿಯ ಹೆಂಗಸಿನ ಜೊತೆ ಚೌಕಾಬಾರ ಆಡುತ್ತಿತ್ತು. ಕವಡೆ ಇರಲಿಲ್ಲ. ನಾಲ್ಕು ಹುಣಸೆ ಬೀಜವನ್ನು ಒಂದು ಕಡೆ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡಿತ್ತು.

"ಏನ್ಲಾ ಮಾದ, ಮೋರೆ ಸಪ್ಪಗೈತೆ?"

"ಏನಿಲ್ಲ ಕಣವ್ವ. ಹನ್ನೊಂದು ಮನೇಲಿ ಏಳೇ ಜಾಸ್ತಿ ಬೀಳ್ತಾ ಅದೆ."

"ಬೀಳ್ದೆ ಇನ್ನೇನು? ಇಲ್ ಕೂತ್ಕೊ. ಈ ಆಟದಲ್ಲಿ ಯಾವ್ಯಾವ ಗರ ಐತೆ ಹೇಳು."

"ಒಂದು, ಎರಡು, ಮೂರು, ಚೌಕ, ಬಾರ."

"ಐದು ಗರ. ಐದೂ ಒಂದೇ ಸಮ ಬೀಳ್ತವಾ?"

ಮಾದಣ್ಣ ಚಿಕ್ಕಂದಿನಿಂದ ಆಡಿದವನು. ಬಾರ ಬೀಳಲಿ ಅಂತ ಎಷ್ಟು ಸಲ ಕಾದಿಲ್ಲ? ಎರಡು ಮಾತ್ರ ಬೇಡ ಬೇಡ ಅಂದರೂ ಬೀಳುತ್ತದೆ.

"ಬಾರ ಬೀಳ್ಬೇಕು ಅಂದ್ರೆ ನಾಲ್ಕೂ ಬೀಜ ಕಪ್ಪಾಗೇ ಬೀಳ್ಬೇಕು. ಅದಕ್ಕೆ ಒಂದೇ ದಾರಿ ಕಣ್ಲಾ. ಎರಡು ಬೀಳೋಕೆ ದಾರಿ ಎಷ್ಟು ನೋಡು. ಈ ಎರಡು ಬೆಳ್ಳಗಾದ್ರೂ ಸರಿ, ಆ ಎರಡಾದ್ರೂ ಸರಿ, ಇದೊಂದು ಅದೊಂದು ಆದ್ರೂ ಸರಿ." ಅಜ್ಜಿ ಬೀಜಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸಿತು. ನಾಲ್ಕು ಬೀಜದಲ್ಲಿ ಎರಡು ಬೆಳ್ಳಗೆ ಬೀಳುವುದಕ್ಕೆ ಆರು ದಾರಿ. ಬಾರಕ್ಕೆ ಒಂದು, ಚೌಕಕ್ಕೆ ಒಂದು. ಒಂದಕ್ಕೆ ನಾಲ್ಕು, ಮೂರಕ್ಕೆ ನಾಲ್ಕು. ಒಟ್ಟು ಹದಿನಾರು ದಾರಿ, ಗರ ಮಾತ್ರ ಐದು.

ಹುಣಸೆ ಬೀಜದ ಎರಡು ಕಡೆಯೂ ಸರಿಸಮನಾಗಿ ಬೀಳುತ್ತವೆ ಅಂತ ಹೇಳೋಕಾಗಲ್ಲ, ಅಲ್ವಾ? ಉಜ್ಜಿದ ಕಡೆ ಚಪ್ಪಟೆ ಇರುತ್ತದೆ, ಇನ್ನೊಂದು ಕಡೆ ಉಬ್ಬು. ಕವಡೆಯೂ ಹಾಗೆಯೇ. ಹಾಗಾಗಿ ಹದಿನಾರು ದಾರಿಯೂ ಪೂರ್ತಿ ಸಮ ಅಲ್ಲ. ಆದರೆ ಅಜ್ಜಿ ಹೇಳಿದ ವಿಷಯಕ್ಕೆ ಅದರಿಂದ ಕುಂದಿಲ್ಲ. ಎಣಿಸಬೇಕಾದದ್ದು ಗರಗಳನ್ನಲ್ಲ, ಗರಕ್ಕೆ ಹೋಗುವ ದಾರಿಗಳನ್ನು.

ಮಗಳು ತಟ್ಟನೆ ನೋಟ್‌ಬುಕ್ ತೆಗೆದಳು. ಎರಡು ದಾಳಕ್ಕೂ ಅದೇ ಲೆಕ್ಕ ಹಾಕಿದಳು. ಮೊದಲ ದಾಳ ಆರು ಬಗೆಯಲ್ಲಿ ಬೀಳಬಹುದು. ಅದು ಹೇಗೆ ಬಿದ್ದರೂ ಎರಡನೆಯದು ಮತ್ತೆ ಆರು ಬಗೆ. ಆರಾರಲಿ ಮೂವತ್ತಾರು ದಾರಿ. ದಾಳ ಸರಿಯಾಗಿದ್ದರೆ ಈ ಮೂವತ್ತಾರೂ ಸಮ. ಈಗ ಮನೆಗಳಿಗೆ ಹಂಚಿದಳು. ಎರಡು ಬರಬೇಕಾದರೆ ಒಂದು–ಒಂದು, ಒಂದೇ ದಾರಿ. ಮೂರಕ್ಕೆ ಎರಡು, ನಾಲ್ಕಕ್ಕೆ ಮೂರು, ಐದಕ್ಕೆ ನಾಲ್ಕು, ಆರಕ್ಕೆ ಐದು. ಏಳಕ್ಕೆ ಒಂದು–ಆರು, ಎರಡು–ಐದು, ಮೂರು–ನಾಲ್ಕು, ನಾಲ್ಕು–ಮೂರು, ಐದು–ಎರಡು, ಆರು–ಒಂದು. ಆರು ದಾರಿ. ಅಲ್ಲಿಂದ ಮತ್ತೆ ಇಳಿಯುತ್ತಾ ಹೋಗುತ್ತದೆ. ಎಂಟಕ್ಕೆ ಐದು, ಒಂಬತ್ತಕ್ಕೆ ನಾಲ್ಕು, ಹೀಗೆ ಹನ್ನೆರಡಕ್ಕೆ ಬಂದಾಗ ಒಂದು.

ಅಂದಕ್ಕೆ ಅಂತ ಬಣ್ಣ ಹಾಕಿಸಿದ ನಡುವಿನ ಆ ಮೂರು ಮನೆಗೇ ಹದಿನಾರು ದಾರಿ ಬಂದು ಸೇರುತ್ತಿದ್ದವು.

(ಇಲ್ಲಿ ಒಬ್ಬ ಹುಡುಗ ಎದ್ದು ಕೇಳಿದ: "ಸರ್, ಮೂರು–ನಾಲ್ಕು ಮತ್ತು ನಾಲ್ಕು–ಮೂರು ಬೇರೆ ಬೇರೆ ಹೇಗಾಗುತ್ತೆ? ಎರಡೂ ದಾಳ ಒಂದೇ ಥರ ಇದ್ದರೆ ಯಾವುದು ಯಾವುದು ಅಂತ ಗೊತ್ತೇ ಆಗಲ್ವಲ್ಲ?")

ತುಂಬಾ ಒಳ್ಳೆಯ ಪ್ರಶ್ನೆ. ಲೈಬ್ನಿಟ್ಸ್ ಎಂಥ ಗಣಿತಜ್ಞ ಅಂತ ನೀವು ಕೇಳಿರುತ್ತೀರಿ, ಕಲನಶಾಸ್ತ್ರ ಕಟ್ಟಿದವರಲ್ಲಿ ಒಬ್ಬ. ಅವನೂ ಇದೇ ಜಾಗದಲ್ಲಿ ತಪ್ಪಿದ್ದ. ಎರಡು ದಾಳದಲ್ಲಿ ಹನ್ನೊಂದು ಬೀಳುವುದೂ ಹನ್ನೆರಡು ಬೀಳುವುದೂ ಸಮ ಅಂತ ಬರೆದ. ಹನ್ನೊಂದಕ್ಕೆ ಐದು ಮತ್ತು ಆರು, ಹನ್ನೆರಡಕ್ಕೆ ಆರು ಮತ್ತು ಆರು, ಎರಡಕ್ಕೂ ಒಂದೊಂದೇ ದಾರಿ ಅಂತ ಅವನ ವಾದ. ಈಗ ಒಂದು ದಾಳಕ್ಕೆ ಕುಂಕುಮ ಹಚ್ಚಿ ಅಂದುಕೊಳ್ಳಿ. ಕೆಂಪಿನಲ್ಲಿ ಐದು ಬಿಳಿಯಲ್ಲಿ ಆರು ಒಂದು, ಕೆಂಪಿನಲ್ಲಿ ಆರು ಬಿಳಿಯಲ್ಲಿ ಐದು ಇನ್ನೊಂದು. ಎರಡು ದಾರಿ ಕಣ್ಣಿಗೆ ಕಾಣುತ್ತವೆ. ಕುಂಕುಮ ಒರೆಸಿದ ಮಾತ್ರಕ್ಕೆ ದಾಳ ಬೀಳುವ ರೀತಿ ಬದಲಾಗುತ್ತದಾ? ಇಲ್ಲ. ಬಣ್ಣ ಬೇಕಾಗಿರುವುದು ನಮಗೆ, ದಾಳಕ್ಕಲ್ಲ. ನಂಬಿಕೆ ಬರದಿದ್ದರೆ ಮನೆಯಲ್ಲಿ ಹಾಕಿ ನೋಡಿ. ಎರಡೂ ಒಂದೇ ಬಣ್ಣದ ದಾಳ ಆಗಲಿ, ಮುನ್ನೂರು ಸಲ ಹಾಕುವ ಹೊತ್ತಿಗೆ ಹನ್ನೊಂದು ಹನ್ನೆರಡಕ್ಕಿಂತ ಮುಂದೆ ಹೋಗಿರುವುದು ಬಹಳಮಟ್ಟಿಗೆ ಕಾಣುತ್ತದೆ.

ಮತ್ತೆ ಕಥೆಗೆ ಬರೋಣ. ಮಗಳು ಈಗ ಅಪ್ಪನ ಹಳೇ ಲೆಕ್ಕವನ್ನೇ ಮಾಡಿದಳು. ಹನ್ನೊಂದು ಆಟದ ಬದಲು ಮೂವತ್ತಾರು ಆಟ ಇಟ್ಟುಕೊಂಡಳು, ಒಂದೊಂದು ದಾರಿಗೂ ಒಂದು. ಬರುವ ದುಡ್ಡು 360. ಏಳು ಆರು ಸಲ, ಆರು ಡಬ್ಬಿ, 216 ರೂಪಾಯಿ. ಆರು ಮತ್ತು ಎಂಟು ಸೇರಿ ಹತ್ತು ಸಲ, ಹತ್ತು ಕಾರು, 180 ರೂಪಾಯಿ. ಹೋಗುವ ಒಟ್ಟು 396. ಮೂವತ್ತಾರು ಆಟಕ್ಕೆ 36 ರೂಪಾಯಿ ನಷ್ಟ.

"ಅಪ್ಪ, 396ನ್ನ 36ರಿಂದ ಭಾಗಿಸಿದ್ರೆ 11. ನೀವು ಒಂದು ಆಟ ಆಡಿಸಿದ್ರೆ ಸರಾಸರಿ 11 ರೂಪಾಯಿ ಸಾಮಾನು ಕೈ ಬಿಡುತ್ತೆ. ನೀವು ತಗೊಳ್ತಿರೋದು 10."

ಮಾದಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಅಂದ್ರೆ 11 ರೂಪಾಯಿ ಅಸಲಿನ ಮಾಲನ್ನ 10ಕ್ಕೆ ಮಾರ್ತಾ ಇದ್ದೀನಿ."

ಪುಸ್ತಕದಲ್ಲಿ ಇದಕ್ಕೆ ನಿರೀಕ್ಷಿತ ಮೌಲ್ಯ ಅನ್ನುತ್ತಾರೆ. ಪ್ರತಿಯೊಂದು ಫಲದ ಬೆಲೆಯನ್ನು ಅದು ಬರುವ ಪಾಲಿನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿದರೆ ಬರುವ ಅಂಕಿ. ಆದರೆ ನನಗೆ ಮಾದಣ್ಣನ ಮಾತೇ ಇಷ್ಟ. ಡಚ್ ವಿಜ್ಞಾನಿ ಹೈಗನ್ಸ್ 1657ರಲ್ಲಿ ದಾಳದಾಟದ ಲೆಕ್ಕದ ಬಗ್ಗೆ ಒಂದು ಚಿಕ್ಕ ಪುಸ್ತಕ ಅಚ್ಚು ಮಾಡಿಸಿದ. ಅವನು ಹಿಡಿದ ದಾರಿಯೂ ವ್ಯಾಪಾರಿಯದೇ. ಒಂದು ಆಟದಲ್ಲಿ ಕೂರುವ ಜಾಗವನ್ನು ಮಾರುವುದಾದರೆ ಅದಕ್ಕೆ ಎಷ್ಟು ಬೆಲೆ ಕಟ್ಟಿದರೆ ಇಬ್ಬರಿಗೂ ಮೋಸ ಆಗುವುದಿಲ್ಲ ಅಂತ ನೋಡಿದ. ಮಾದಣ್ಣನ ಆಟಕ್ಕೆ ಆ ಬೆಲೆ 11 ರೂಪಾಯಿ. ಅವನು 10ಕ್ಕೆ ಮಾರುತ್ತಿದ್ದ. ಜನ ಮುಗಿಬಿದ್ದರು ಅಂದರೆ ಆಶ್ಚರ್ಯ ಏನಿದೆ?

ನಿರೀಕ್ಷಿತ ಅನ್ನುವ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಆಟವೊಂದಕ್ಕೆ ಸರಿಯಾಗಿ 11 ರೂಪಾಯಿ ಹೋಗುತ್ತದೆ ಅಂತ ಯಾರೂ ನಿರೀಕ್ಷೆ ಮಾಡುವುದಿಲ್ಲ. ಹೋಗುವುದೇ ಇಲ್ಲ. ಹೋದರೆ 36, ಇಲ್ಲ 18, ಇಲ್ಲ ಸೊನ್ನೆ. 11 ಎನ್ನುವುದು ಆಟಗಳು ನೂರಾರು ಆದ ಮೇಲೆ ತಲೆಗೆ ಇಷ್ಟು ಅಂತ ಹಂಚಿದಾಗ ಹತ್ತಿರ ಹತ್ತಿರ ಬರುವ ಅಂಕಿ. ಮಾದಣ್ಣನ ಮೂರು ದಿನ ನೋಡಿ. 680 ಆಟಕ್ಕೆ ಆಟಕ್ಕೊಂದು ರೂಪಾಯಿಯಂತೆ 680 ರೂಪಾಯಿ ನಷ್ಟ ಆಗಬೇಕು. ನಿಜವಾಗಿ ಆಗಿದ್ದು, 84 ಲಾಭ ಕಳೆದು, 706. ಮೊದಲ ದಿನ ಮಾತ್ರ ನೋಡಿದ್ದರೆ? 120 ಆಟಕ್ಕೆ 120 ರೂಪಾಯಿ ನಷ್ಟ ಆಗಬೇಕಾದಲ್ಲಿ 84 ಲಾಭ ಬಂದಿತ್ತು. 120 ಆಟಕ್ಕೆ ಸರಾಸರಿಯ ಆಚೀಚೆ ಒಂದೂವರೆ ನೂರು ರೂಪಾಯಿ ಓಲಾಡುವುದು ಈ ಆಟದಲ್ಲಿ ಸಹಜ. ಲಾಭ ಬಂದ ಆ ಸಂಜೆಯೇ ಅವನನ್ನು ಇನ್ನೆರಡು ದಿನ ನಷ್ಟದಲ್ಲಿ ಕೂರಿಸಿತು. ಒಂದು ದಿನದ ಗಲ್ಲಾ ನೋಡಿ ಆಟ ಒಳ್ಳೆಯದು ಅಂತ ತೀರ್ಮಾನ ಮಾಡಿದರೆ ಹೀಗೇ ಆಗುತ್ತದೆ.

ಈಗ ಮೈಕಿನ ಯೋಚನೆಗೆ ಬನ್ನಿ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ನೆಲ ಬಾಡಿಗೆ, ಲೈಟಿನ ದುಡ್ಡು ಇಂಥ ಖರ್ಚು ಎಷ್ಟೇ ಜನ ಬಂದರೂ ಅಷ್ಟೇ ಇರುತ್ತವೆ. ಹಾಗಾಗಿ ಜನ ಜಾಸ್ತಿ ಆದರೆ ಖರ್ಚು ಹಂಚಿಹೋಗುತ್ತದೆ ಅನ್ನುವುದು ಅಂಗಡಿಯವರಿಗೆ ರಕ್ತದಲ್ಲೇ ಬಂದ ಮಾತು. ಆದರೆ ಅದು ಪ್ರತಿ ಮಾರಾಟದಲ್ಲೂ ಒಂದಿಷ್ಟಾದರೂ ಉಳಿಯುವಾಗ ಮಾತ್ರ ನಿಜ. ಇಲ್ಲಿ ಆಟಕ್ಕೆ ಒಂದು ರೂಪಾಯಿ ಹೋಗುತ್ತಿದೆ. ನೂರು ಜನ ಹೆಚ್ಚಿಗೆ ಬಂದರೆ ನೂರು ರೂಪಾಯಿ ಹೆಚ್ಚಿಗೆ ಹೋಗುತ್ತದೆ. ದುರಾದೃಷ್ಟ ಆಗಿದ್ದರೆ ಆಟ ಹೆಚ್ಚಾದ ಹಾಗೆ ಸರಾಸರಿ ಅವನ ಕೈ ಹಿಡಿಯುತ್ತಿತ್ತು. ಆದರೆ ಸರಾಸರಿಯೇ ಅವನಿಗೆ ಎದುರಾಗಿ ನಿಂತಿತ್ತು. ಮೈಕ್ ಹಾಕಿದ್ದರೆ ನಷ್ಟವನ್ನೇ ಕೂಗಿ ಕರೆದ ಹಾಗೆ ಆಗುತ್ತಿತ್ತು.

ಆ ರಾತ್ರಿ ಮೂವರೂ ಕೂತು ಹಲಗೆ ಬದಲಾಯಿಸಿದರು. ಮಾದಣ್ಣನ ಮೊದಲ ಯೋಚನೆ ಆಟದ ಬೆಲೆಯನ್ನು 15 ಮಾಡೋಣ ಅಂತ. ಅಜ್ಜಿ ಬೇಡ ಅಂದಿತು. ಮೂರು ದಿನ ಹತ್ತಕ್ಕೆ ಆಡಿದವರು ಹದಿನೈದಕ್ಕೆ ಬರಲ್ಲ. ಡಬ್ಬಿ ತೆಗೆದುಬಿಟ್ಟರೆ? ಅಂಗಡಿಯ ಅಂದವೇ ಆ ಡಬ್ಬಿ. ಹಾಗಾಗಿ ಬೆಲೆಯೂ ಹಾಗೇ, ಡಬ್ಬಿಯೂ ಹಾಗೇ, ಮನೆ ಮಾತ್ರ ಬೇರೆ. ಡಬ್ಬಿ 2 ಮತ್ತು 12ಕ್ಕೆ ಹೋಯಿತು. ಎರಡೂ ಸೇರಿ ಎರಡು ದಾರಿ. ಕಾರು 4 ಮತ್ತು 10ಕ್ಕೆ. ಮೂರು ಮೂರು, ಆರು ದಾರಿ. ಏಳಕ್ಕೆ ಜನ ಆಗಲೇ ಒಗ್ಗಿದ್ದರು, ಅದನ್ನು ಬರಿದು ಬಿಡೋಕಾಗಲ್ಲ. ಅದಕ್ಕೆ ಪಕ್ಕದ ಅಂಗಡಿಯಿಂದ 12 ರೂಪಾಯಿ ಅಸಲಿನ ಬಾಚಣಿಗೆ ಕೊಂಡು ಇಟ್ಟರು.

ಈಗ ಮೂವತ್ತಾರು ಆಟದ ಲೆಕ್ಕ ಹಾಕಿ ನೋಡಿ. ಎರಡು ಡಬ್ಬಿಗೆ 72. ಆರು ಕಾರಿಗೆ 108. ಆರು ಬಾಚಣಿಗೆಗೆ 72. ಒಟ್ಟು 252. ಆಟಕ್ಕೆ 7 ರೂಪಾಯಿ. ಉಳಿಯುವುದು 3. ಮೊದಲು ಮೂವತ್ತಾರರಲ್ಲಿ ಹದಿನಾರು ಸಲ ಏನಾದರೂ ಸಿಗುತ್ತಿತ್ತು, ಈಗ ಹದಿನಾಲ್ಕು ಸಲ. ಆಡುವವನಿಗೆ ಗೆದ್ದ ಸಂತೋಷ ಹೆಚ್ಚುಕಡಿಮೆ ಅಷ್ಟೇ ಸಲ ಸಿಗುತ್ತದೆ. ಬದಲಾಗಿದ್ದು ಏನು ಗೆಲ್ಲುತ್ತಾನೆ ಅನ್ನುವುದು. ಎಷ್ಟು ಸಲ ಗೆಲ್ಲುತ್ತೇವೆ ಎನ್ನುವುದೇ ಬೇರೆ, ಗೆದ್ದದ್ದರ ಬೆಲೆ ಎಷ್ಟು ಎನ್ನುವುದೇ ಬೇರೆ. ಎರಡನ್ನೂ ಗುಣಿಸಿದ ಮೇಲೆಯೇ ಸತ್ಯ ಗೊತ್ತಾಗುವುದು. ಜಾತ್ರೆಯಲ್ಲಿ ಆಡುವ ಕಡೆ ನಿಂತಿರುವ ನೀವೂ ಇದನ್ನು ಗಮನಿಸಬೇಕು. ಪಕ್ಕದವರು ಗೆಲ್ಲುತ್ತಲೇ ಇದ್ದಾರೆ ಅನ್ನಿಸಿದರೂ ಕೊಟ್ಟ 10 ರೂಪಾಯಿಯಲ್ಲಿ ಸರಾಸರಿ 7 ಮಾತ್ರ ವಾಪಸ್ ಬರುತ್ತಿರಬಹುದು.

ನಾಲ್ಕನೇ ದಿನ 250 ಆಟ. 750 ಉಳಿಯಬೇಕಿತ್ತು. ಆದರೆ ಆ ದಿನ 2 ಮತ್ತು 12 ಸೇರಿ 19 ಸಲ ಬಿದ್ದವು. 14ರ ಸುತ್ತ ಬೀಳಬೇಕಾದದ್ದು. ಬಾಚಣಿಗೆ 45, ಕಾರು 40. ಉಳಿದದ್ದು 556. ಮಾದಣ್ಣ ಮಗಳ ಮುಖ ನೋಡಿದ. "ಲೆಕ್ಕ ತಪ್ಪಿಲ್ಲ ಅಪ್ಪ, ಇಷ್ಟು ಓಲಾಡುತ್ತೆ" ಅಂದಳು. ಐದನೇ ದಿನ 310 ಆಟ, 15 ಡಬ್ಬಿ, 53 ಕಾರು, 50 ಬಾಚಣಿಗೆ. ಉಳಿದದ್ದು 1006, ಬರಬೇಕಿದ್ದದ್ದಕ್ಕಿಂತ 76 ಜಾಸ್ತಿ. ಎರಡು ದಿನ ಸೇರಿ 1562. ಮೊದಲ ಮೂರು ದಿನದ ನಷ್ಟ ಕಳೆದರೆ 856. ನೆಲ ಬಾಡಿಗೆ ಕಟ್ಟಿದ ಮೇಲೆ ಹೆಚ್ಚೇನೂ ಉಳಿಯಲಿಲ್ಲ, ಆದರೆ ಸಾಲ ಮಾಡಿಕೊಂಡು ಮನೆಗೆ ಹೋಗುವುದು ತಪ್ಪಿತು.

(ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಇದು ಜೂಜು ಆಗಲ್ವಾ?")

ಆಗುತ್ತದೆ, ಯಜಮಾನರೇ. ನೀವು ಕೇಳಿದ್ದು ಒಳ್ಳೆಯದಾಯಿತು. ಕೌಶಲ ಬೇಡದ, ಬರೀ ಗರದ ಮೇಲೆ ನಿಂತ ಆಟಕ್ಕೆ ಬೀದಿಯಲ್ಲಿ ಪಣ ಕಟ್ಟಿಸಿದರೆ ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಅಡಿಯಲ್ಲಿ ಕೇಸು ಹಾಕಬಹುದು. ದುಡ್ಡಿನ ಬದಲು ಡಬ್ಬಿ ಕೊಟ್ಟೆ ಅಂದರೆ ಪಾರಾಗುತ್ತೇನೆ ಅಂತ ಯಾರೂ ನಂಬಿ ಕೂರಬೇಡಿ. ಈ ಕಥೆ ಕೇಳಿ ದಾಳದ ಅಂಗಡಿ ಇಡೋಕೆ ಹೋಗಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ನನ್ನ ಕಥೆಯ ಅಜ್ಜಿಗೂ ಅದು ಹಿಡಿಸಲಿಲ್ಲ. ಕೊನೆಯ ದಿನ ಒಬ್ಬ ಚಿಕ್ಕ ಹುಡುಗ ಒಂದಾದ ಮೇಲೆ ಒಂದು 10 ರೂಪಾಯಿ ಕೊಡುತ್ತಾ ನಿಂತಿದ್ದ. ಅಜ್ಜಿ ಅವನ ಕೈಗೆ ಒಂದು ಕಾರು ಕೊಟ್ಟು ಕಳಿಸಿ ಮಗನ ಕಡೆ ತಿರುಗಿತು. "ಮುಂದಿನ ವರ್ಸ ಇದು ಬ್ಯಾಡ ಕಣ್ಲಾ. ರಿಂಗೇ ಸಾಕು."

ಮುಂದಿನ ವರ್ಷ ಮತ್ತೆ ರಿಂಗ್. ನಾಲ್ಕು ರಿಂಗಿಗೆ 10 ರೂಪಾಯಿ. ಹಲಗೆ ಮೇಲಿನ ಸಾಮಾನು ಎಲ್ಲವೂ 40 ರೂಪಾಯಿ ಅಸಲಿನವು. ಒಂದು ಆಟದ ಅಸಲು ಎಷ್ಟು ಅಂತ ಈ ಸಲ ಅಂಗಡಿ ಹಾಕುವ ಮುಂಚೆಯೇ ಮಾದಣ್ಣ ಮಗಳನ್ನು ಕೇಳಿದ.

ಇಲ್ಲಿ ಅವಳಿಗೆ ಕಷ್ಟ ಬಂತು. ದಾಳಕ್ಕೆ ಆರು ಮುಖ, ಕೂತು ದಾರಿ ಎಣಿಸಬಹುದು. ರಿಂಗಿಗೆ ಮುಖ ಎಲ್ಲಿದೆ? ಎಸೆಯುವವರ ಕೈ, ನಿಲ್ಲುವ ದೂರ, ಸಾಮಾನಿನ ಅಗಲ, ಎಲ್ಲವೂ ಸೇರಿ ಬೀಳುತ್ತದೆ. ಎಣಿಸಲಾಗದ ಕಡೆ ಒಂದೇ ಉಪಾಯ. ಎಸೆಸಿ ನೋಡಿ ಬರೆಯಬೇಕು. ಊರಿನ ಹುಡುಗರನ್ನು, ಹೆಂಗಸರನ್ನು, ಸಿಕ್ಕವರನ್ನೆಲ್ಲ ಕರೆದು ಅಂಗಳದಲ್ಲಿ ಎಸೆಸಿದಳು. ಚೆನ್ನಾಗಿ ಎಸೆಯುವವರನ್ನೇ ಆರಿಸಲಿಲ್ಲ, ಬರದವರನ್ನೇ ಆರಿಸಲೂ ಇಲ್ಲ. ಜಾತ್ರೆಗೆ ಎಂಥವರು ಬರುತ್ತಾರೋ ಅಂಥವರೇ ಬೇಕು.

200 ರಿಂಗ್ ಆದಾಗ 8 ಸರಿಯಾಗಿ ಬಿದ್ದಿದ್ದವು. ಅಂದರೆ ಇಪ್ಪತ್ತೈದಕ್ಕೆ ಒಂದು. ನಾಲ್ಕು ರಿಂಗಿನ ಆಟಕ್ಕೆ 6 ರೂಪಾಯಿ 40 ಪೈಸೆ ಅಸಲು. "ಹಾಗಾದ್ರೆ ಸರಿಹೋಯ್ತಲ್ಲ, ಮೂರೂವರೆ ಉಳೀತದೆ" ಅಂದ ಮಾದಣ್ಣ. ಮಗಳು ತಲೆಯಾಡಿಸಿದಳು. 8 ಅನ್ನುವುದು ತೀರ ಚಿಕ್ಕ ಅಂಕಿ. ಅದೇ ಜನ ಅದೇ ಥರ ಇನ್ನೊಂದು 200 ಎಸೆದರೆ 4 ಬೀಳಬಹುದು, 15 ಕೂಡ ಬೀಳಬಹುದು. 15 ನಿಜವಾದರೆ ಆಟದ ಅಸಲು 12 ರೂಪಾಯಿ. ಮತ್ತೆ ಮುಡುಕುತೊರೆಯ ಕಥೆಯೇ.

ಹಾಗಾಗಿ ಎಸೆತ ನಿಲ್ಲಿಸಲಿಲ್ಲ. ಸಾವಿರ ಆಗುವ ಹೊತ್ತಿಗೆ 46 ಬಿದ್ದವು. ಅಸಲು 7 ರೂಪಾಯಿ 36 ಪೈಸೆ. ಅದೃಷ್ಟ ಎದುರಾಗಿದ್ದು ಸಾವಿರಕ್ಕೆ 60 ಬೀಳುವುದೇ ನಿಜವಾದ ಲೆಕ್ಕ ಅಂತ ಇಟ್ಟುಕೊಂಡರೂ 9 ರೂಪಾಯಿ 60 ಪೈಸೆ. ಹತ್ತರ ಒಳಗೇ ಇದೆ. ಆಗ ಅವಳು ಪೆನ್ನು ಕೆಳಗಿಟ್ಟಳು. ಮಾದಣ್ಣ ಸಂತೆಪೇಟೆಗೆ ಹೊರಟ. ಅಂಗಳದಲ್ಲಿ ಹುಡುಗರು ಇನ್ನೂ ಎಸೆಯುತ್ತಲೇ ಇದ್ದರು. ಜಗುಲಿ ಮೇಲೆ ಕೂತ ಅಜ್ಜಿ, ಬಿದ್ದ ರಿಂಗಿಗೆ ಒಂದರಂತೆ, ಹುಣಸೆ ಬೀಜ ಎತ್ತಿ ಎತ್ತಿ ಪಕ್ಕಕ್ಕಿಡುತ್ತಿತ್ತು.